ನಿಂತ ಸರ್ವರ್, ನಿಲ್ಲದ ಬಿಲ್

ಪ್ರಾಜೆಕ್ಟ್ ಮುಗಿದಿದೆ. ತಂಡದವರು ಬೇರೆ ಕೆಲಸಗಳಿಗೆ ಹೊರಟಿದ್ದಾರೆ. ಹೊರಡುವ ಮುನ್ನ ಯಾರೋ ಒಬ್ಬರು ಜವಾಬ್ದಾರಿಯಿಂದಲೇ ಕ್ಲೌಡ್ ಖಾತೆಗೆ ಹೋಗಿ ಒಂದು ಸರ್ವರ್ ಅಳಿಸಿದ್ದಾರೆ. ಇನ್ನೊಂದು ಮುಂದೆ ಬೇಕಾದೀತೆಂದು ಅದನ್ನು ನಿಲ್ಲಿಸಿದ್ದಾರೆ, ಡೇಟಾಬೇಸನ್ನೂ ನಿಲ್ಲಿಸಿದ್ದಾರೆ. ಸರ್ವರ್‌ಗಳ ಪಟ್ಟಿಯಲ್ಲಿ ಈಗ ಓಡುತ್ತಿರುವುದು ಒಂದೂ ಇಲ್ಲ. ಆದರೂ ಹತ್ತು ತಿಂಗಳ ನಂತರ ಕಾರ್ಡಿನ ಲೆಕ್ಕ ತೆಗೆದು ನೋಡಿದರೆ, ಪ್ರತಿ ತಿಂಗಳೂ ಸುಮಾರು 188 ಡಾಲರ್ ತಪ್ಪದೆ ಹೋಗಿದೆ.

ಇದು ನಾನು ಲೆಕ್ಕಕ್ಕಾಗಿ ಕಟ್ಟಿಕೊಂಡ ಉದಾಹರಣೆ. ಆದರೆ ಇದರಲ್ಲಿರುವ ಒಂದೊಂದು ತುಣುಕೂ ಮರೆತುಹೋದ ಖಾತೆಗಳಲ್ಲಿ ದಿನನಿತ್ಯ ಸಿಗುವಂಥದ್ದೇ. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಉತ್ತರ ವರ್ಜೀನಿಯಾ ರೀಜನ್ನಿನ, ಅಂದರೆ ಆ ಪ್ರದೇಶದ ಡೇಟಾ ಸೆಂಟರ್‌ಗಳ, ದರಗಳನ್ನೇ ಇಟ್ಟುಕೊಂಡು, ತಿಂಗಳಿಗೆ 730 ಗಂಟೆ ಎಂದು ಹಿಡಿದು, ಆ 188 ಡಾಲರ್ ಎಲ್ಲಿಂದ ಬಂತೆಂದು ಬಿಡಿಸಿ ನೋಡೋಣ.

ಮೊದಲು ಡಿಸ್ಕ್‌ಗಳು. ನಿಲ್ಲಿಸಿದ ಸರ್ವರ್‌ನ 100 ಜಿಬಿ ಡಿಸ್ಕ್ ಹಾಗೇ ಇದೆ, ಏಕೆಂದರೆ ನಾಳೆ ಸರ್ವರನ್ನು ಮತ್ತೆ ಚಾಲೂ ಮಾಡಿದರೆ ಅದು ಬೇಕು. ಅಳಿಸಿದ ಸರ್ವರ್‌ಗೆ ಜೋಡಿಸಿದ್ದ 500 ಜಿಬಿಯ ಡೇಟಾ ಡಿಸ್ಕ್ ಕೂಡ ಇದೆ. ಇದೇ ಹಲವರಿಗೆ ಗೊತ್ತಿಲ್ಲದ ಸಂಗತಿ: ಸರ್ವರ್ ಅಳಿಸಿದಾಗ ಅದರ ಮೂಲ ಡಿಸ್ಕ್ ಸಾಮಾನ್ಯವಾಗಿ ಜೊತೆಗೇ ಅಳಿಯುತ್ತದೆ, ಆದರೆ ನಾವು ಆಮೇಲೆ ಸೇರಿಸಿದ ಡಿಸ್ಕ್, ನಾವೇ ಬೇರೆ ರೀತಿ ಹೇಳದಿದ್ದರೆ, ಉಳಿದುಕೊಳ್ಳುತ್ತದೆ. ಎರಡೂ ಸೇರಿ 600 ಜಿಬಿ. ಜಿಬಿಗೆ ತಿಂಗಳಿಗೆ 8 ಸೆಂಟ್‌ನಂತೆ 48 ಡಾಲರ್ ಆಯಿತು. ಕೆಲಸ ನಡೆಯುವಾಗ ತೆಗೆದಿಟ್ಟ ಡಿಸ್ಕ್‌ನ ನಕಲುಗಳು, ಅಂದರೆ ಸ್ನ್ಯಾಪ್‌ಶಾಟ್‌ಗಳು, 300 ಜಿಬಿ ಇದ್ದರೆ, ಜಿಬಿಗೆ 5 ಸೆಂಟ್‌ನಂತೆ ಇನ್ನೂ 15 ಡಾಲರ್.

ಆಮೇಲೆ ನೆಟ್‌ವರ್ಕ್. ಒಳಗಿನ ಸರ್ವರ್‌ಗಳು ಹೊರಗಿನ ಇಂಟರ್ನೆಟ್ ತಲುಪಲೆಂದು ಇಟ್ಟ ನ್ಯಾಟ್ ಗೇಟ್‌ವೇ ಗಂಟೆಗೆ 4.5 ಸೆಂಟ್ ತೆಗೆದುಕೊಳ್ಳುತ್ತದೆ. ಅದರ ಹಿಂದೆ ಸರ್ವರ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ತಿಂಗಳಿಗೆ 32.85 ಡಾಲರ್. ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಗಂಟೆಗೆ 2.25 ಸೆಂಟ್, ತಿಂಗಳಿಗೆ 16.43. ಇವೆರಡರ ಜೊತೆ ಸಾರ್ವಜನಿಕ ಐಪಿ ವಿಳಾಸಗಳಿವೆ: ಲೋಡ್ ಬ್ಯಾಲೆನ್ಸರ್‌ಗೆ ಎರಡು, ಗೇಟ್‌ವೇಗೆ ಒಂದು, ಅಳಿಸಿದ ಸರ್ವರ್‌ಗಾಗಿ ಕಾದಿರಿಸಿ ಈಗ ಅನಾಥವಾಗಿ ಉಳಿದಿರುವುದು ಒಂದು. 2024ರ ಫೆಬ್ರುವರಿ 1ರಿಂದೀಚೆಗೆ, ಬಳಕೆಯಲ್ಲಿರುವ ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಬೀಳುತ್ತದೆ. ನಾಲ್ಕಕ್ಕೆ 14.60 ಡಾಲರ್.

ಕೊನೆಗೆ ಡೇಟಾಬೇಸ್. ಎಡಬ್ಲ್ಯುಎಸ್‌ನ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ಒಂದು ಸಣ್ಣ `db.t3.medium` ಮೈಎಸ್‌ಕ್ಯುಎಲ್, ಗಂಟೆಗೆ 6.8 ಸೆಂಟ್. ತಿಂಗಳಿಗೆ ಸುಮಾರು 50 ಡಾಲರ್, ಅದರ 100 ಜಿಬಿ ಸ್ಟೋರೇಜ್‌ಗೆ 11.50. ಅದನ್ನು ನಿಲ್ಲಿಸಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ನಿಲ್ಲಿಸಿದ್ದು ನಿಜ. ಆದರೆ ಆರ್‌ಡಿಎಸ್ ಡೇಟಾಬೇಸ್ ನಿಂತೇ ಇರುವುದು ಹೆಚ್ಚೆಂದರೆ ಏಳು ದಿನ. ಎಂಟನೇ ದಿನಕ್ಕೆ ಅದು ತಾನಾಗಿಯೇ ಮತ್ತೆ ಚಾಲೂ ಆಗುತ್ತದೆ. ನಿರ್ವಹಣೆಯ ಅಪ್‌ಡೇಟ್‌ಗಳು ತಪ್ಪಬಾರದು ಎಂಬುದು ಇದಕ್ಕೆ ಕೊಡುವ ಕಾರಣ. ಕಾರಣ ಸರಿಯಿರಬಹುದು. ಆದರೆ ಹತ್ತು ತಿಂಗಳಲ್ಲಿ ಒಬ್ಬರೂ ಸಂಪರ್ಕಿಸದ ಡೇಟಾಬೇಸ್ ಮೊದಲ ವಾರ ಬಿಟ್ಟರೆ ಉಳಿದಷ್ಟೂ ದಿನ ಓಡಿದೆ.

ಎಲ್ಲ ಕೂಡಿದರೆ 188. ಈ ಮೊತ್ತದಲ್ಲಿ ನಾವು ಸರ್ವರ್ ಎಂದು ಕರೆಯುವ ವಸ್ತುವಿನ ಪಾಲು ಸೊನ್ನೆ. ಸರ್ವರ್‌ಗಳ ಪಟ್ಟಿ ನೋಡಿ ನೆಮ್ಮದಿಯಿಂದ ಹೊರಬಂದವರಿಗೆ ಏನೂ ಕಾಣದೆ ಹೋದದ್ದು ಇದಕ್ಕೇ.

ಈ ಗೊಂದಲದ ಬೇರು ನಿಲ್ಲಿಸುವುದು ಎಂಬ ಮಾತಿನಲ್ಲಿದೆ. ಕ್ಲೌಡ್‌ನಲ್ಲಿ ಬಳಸಿದಷ್ಟಕ್ಕೆ ಹಣ ಎಂದು ನಾವು ಕೇಳಿರುತ್ತೇವೆ. ವಾಸ್ತವದಲ್ಲಿ ಬಹುಪಾಲು ಬಿಲ್ ಬೀಳುವುದು ನಮಗಾಗಿ ತೆಗೆದಿರಿಸಿದಷ್ಟಕ್ಕೆ. ಮನೆಗೆ ಬೀಗ ಹಾಕಿ ಊರಿಗೆ ಹೋದರೆ ಬಾಡಿಗೆ ನಿಲ್ಲುವುದಿಲ್ಲ, ಮನೆ ಖಾಲಿ ಮಾಡಿ ಕೀಲಿ ಕೊಟ್ಟಾಗ ಮಾತ್ರ ನಿಲ್ಲುತ್ತದೆ. ನಿಲ್ಲಿಸಿದ ಸರ್ವರ್ ತನ್ನ ಪ್ರೊಸೆಸರ್ ಮತ್ತು ಮೆಮೊರಿಯ ಕೀಲಿಯನ್ನು ಮಾತ್ರ ಮರಳಿಸಿದೆ. ಡಿಸ್ಕ್ ಮತ್ತು ಕಾದಿರಿಸಿದ ವಿಳಾಸವಿದ್ದರೆ ಅದೂ ಅದರ ಕೈಯಲ್ಲೇ ಇವೆ.

ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ನಿಂತ ಸರ್ವರ್‌ಗೆ ಎರಡು ಸ್ಥಿತಿಗಳಿವೆ. ಪೋರ್ಟಲ್‌ನಿಂದ ನಿಲ್ಲಿಸಿದರೆ `Stopped (deallocated)` ಎಂದು ತೋರಿಸುತ್ತದೆ, ಆಗ ಪ್ರೊಸೆಸರ್‌ನ ಬಿಲ್ ನಿಲ್ಲುತ್ತದೆ. ಸರ್ವರ್‌ನ ಒಳಗೆ ಲಾಗಿನ್ ಆಗಿ ಅಲ್ಲಿಂದಲೇ ಶಟ್‌ಡೌನ್ ಮಾಡಿದರೆ ಬರೀ `Stopped` ಎಂದು ತೋರಿಸುತ್ತದೆ. ಯಂತ್ರ ಆಫ್ ಆಗಿದೆ, ಆದರೆ ಜಾಗ ಇನ್ನೂ ನಮ್ಮ ಹೆಸರಿನಲ್ಲೇ ಇದೆ, ಪೂರ್ತಿ ದರ ಬೀಳುತ್ತಲೇ ಇದೆ. ಎಡಬ್ಲ್ಯುಎಸ್‌ನಲ್ಲಿ ಒಳಗಿನಿಂದ ಶಟ್‌ಡೌನ್ ಮಾಡಿದರೂ ಸರ್ವರ್‌ನ ಬಿಲ್ ನಿಲ್ಲುತ್ತದೆ. ಹಾಗಾಗಿ ಒಂದು ಕಡೆ ಕಲಿತ ಅಭ್ಯಾಸವನ್ನು ಇನ್ನೊಂದು ಕಡೆಗೆ ಒಯ್ದವರು ಇಲ್ಲಿ ಸುಲಭವಾಗಿ ಎಡವುತ್ತಾರೆ.

ಇಷ್ಟೇ ಆಗಿದ್ದರೆ ಹೋಗಲಿ, ಒಂದೇ ಸಮನೆ ಸೋರುವ ನಲ್ಲಿ ಎಂದುಕೊಳ್ಳಬಹುದಿತ್ತು. ನನಗೆ ಹೆಚ್ಚು ಕಳವಳ ತರುವುದು ಬೇರೆಯೇ ಸಂಗತಿ: ಮರೆತ ವಸ್ತುವಿನ ದರ ಕಾಲ ಕಳೆದಂತೆ ಏರಬಹುದು. ನಮ್ಮ ಉದಾಹರಣೆಯ ಡೇಟಾಬೇಸ್ ಮೈಎಸ್‌ಕ್ಯುಎಲ್ 5.7 ಆವೃತ್ತಿಯದ್ದು ಎಂದಿಟ್ಟುಕೊಳ್ಳಿ. ಆರ್‌ಡಿಎಸ್‌ನಲ್ಲಿ ಆ ಆವೃತ್ತಿಯ ಸಾಮಾನ್ಯ ಬೆಂಬಲ 2024ರ ಫೆಬ್ರುವರಿ ಕೊನೆಗೆ ಮುಗಿಯಿತು. ಅಪ್‌ಗ್ರೇಡ್ ಮಾಡದೆ ಉಳಿದವು ವಿಸ್ತರಿತ ಬೆಂಬಲಕ್ಕೆ ಸೇರಿಹೋದವು. ಅದರ ಮೊದಲ ಎರಡು ವರ್ಷಗಳ ದರ ಪ್ರತಿ ವರ್ಚುವಲ್ ಪ್ರೊಸೆಸರ್‌ಗೆ ಗಂಟೆಗೆ 10 ಸೆಂಟ್. ಈ ಸಣ್ಣ ಡೇಟಾಬೇಸ್‌ಗೆ ಎರಡು ಪ್ರೊಸೆಸರ್. ಅಂದರೆ ಗಂಟೆಗೆ 20 ಸೆಂಟ್, ತಿಂಗಳಿಗೆ 146 ಡಾಲರ್ ಹೆಚ್ಚುವರಿ. 50 ಡಾಲರ್ ಇದ್ದದ್ದು 196 ಆಯಿತು. ಹಲವು ಸರ್ವರ್‌ಗಳ ಮೇಲೆ ಪ್ರೋಗ್ರಾಂಗಳನ್ನು ಹಂಚಿ ಓಡಿಸುವ ಕುಬರ್ನೆಟೀಸ್ ಕ್ಲಸ್ಟರ್‌ಗಳ ಕತೆಯೂ ಇದೇ. ಎಡಬ್ಲ್ಯುಎಸ್‌ನ ಕುಬರ್ನೆಟೀಸ್ ಸೇವೆಯಾದ ಇಕೆಎಸ್‌ನಲ್ಲಿ ಒಂದು ಖಾಲಿ ಕ್ಲಸ್ಟರ್‌ಗೆ ಗಂಟೆಗೆ 10 ಸೆಂಟ್, ತಿಂಗಳಿಗೆ 73 ಡಾಲರ್. ಅದರ ಆವೃತ್ತಿಗೆ 14 ತಿಂಗಳ ಸಾಮಾನ್ಯ ಬೆಂಬಲವಿದೆ. ಅದು ಕಳೆದ ಮೇಲೂ ಹಾಗೇ ಬಿಟ್ಟರೆ ಗಂಟೆಗೆ 60 ಸೆಂಟ್, ತಿಂಗಳಿಗೆ 438 ಡಾಲರ್.

ಹಳೆಯ ಆವೃತ್ತಿಯನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡ ದೊಡ್ಡ ಸಂಸ್ಥೆಗೆ ಇದು ಒಂದು ಸೇವೆ, ಅದಕ್ಕೆ ಹಣ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅಪ್‌ಗ್ರೇಡ್ ಮಾಡುವವರೇ ಇಲ್ಲದ ಕಡೆ ಅದು ಮರೆವಿನ ಮೇಲೆ ಬೀಳುವ ದಂಡವಾಗುತ್ತದೆ. ಎಚ್ಚರಿಕೆಯ ಇಮೇಲ್‌ಗಳು ಬರುತ್ತವೆ, ನಿಜ. ಅವು ಬರುವುದು ಖಾತೆ ತೆರೆದವರ ವಿಳಾಸಕ್ಕೆ. ಅವರು ಕೆಲಸ ಬಿಟ್ಟು ಹೋಗಿದ್ದರೆ ಆ ಇಮೇಲನ್ನು ತೆರೆಯುವವರಿಲ್ಲ. ಕಾರ್ಡ್ ಮಾತ್ರ ಇನ್ನೂ ಸಂಸ್ಥೆಯದೇ.

ಈಗ ಇದನ್ನು ಕಂಡುಹಿಡಿಯುವುದು ಹೇಗೆ? ಬಿಲ್‌ನ ಸಾರಾಂಶ ಹೆಚ್ಚು ಸಹಾಯ ಮಾಡುವುದಿಲ್ಲ. ಖರ್ಚನ್ನು ಬಿಡಿಸಿ ತೋರಿಸುವ ಎಡಬ್ಲ್ಯುಎಸ್‌ನ ಕಾಸ್ಟ್ ಎಕ್ಸ್‌ಪ್ಲೋರರ್‌ನಲ್ಲಿ ಡಿಸ್ಕ್, ಸ್ನ್ಯಾಪ್‌ಶಾಟ್, ನ್ಯಾಟ್ ಗೇಟ್‌ವೇ ಮೂರೂ `EC2-Other` ಎಂಬ ಒಂದೇ ಸಾಲಿನಲ್ಲಿ ಅಡಗಿರುತ್ತವೆ. ಹೆಸರೇ ಹೇಳುವಂತೆ ಅದು ಇತರೆ ಎಂಬ ಚೀಲ. ಮರೆತ ಖಾತೆಗಳಲ್ಲಿ ಆ ಚೀಲವೇ ಅತಿ ಭಾರವಾಗಿರುವುದುಂಟು. ಅದನ್ನು ಬಿಡಿಸಲು ಗುಂಪು ಮಾಡುವ ಆಯ್ಕೆಯಲ್ಲಿ ಸೇವೆಯ ಬದಲು `Usage type` ಆರಿಸಬೇಕು. ಆಗ `EBS:VolumeUsage.gp3`, `EBS:SnapshotUsage`, `NatGateway-Hours`, `LoadBalancerUsage`, `PublicIPv4:IdleAddress` ಎಂಬಂಥ ಹೆಸರುಗಳು ಹೊರಬರುತ್ತವೆ.

ಈ ಹೆಸರುಗಳ ಮೊದಲಿಗೆ ಬೇರೆ ಅಕ್ಷರಗಳು ಸೇರಿದ್ದರೆ ಅವನ್ನೂ ಓದಬೇಕು. `USW2-` ಎಂದಿದ್ದರೆ ಆ ವಸ್ತು ಓರೆಗಾನ್ ರೀಜನ್ನಿನಲ್ಲಿದೆ, `EUC1-` ಎಂದಿದ್ದರೆ ಫ್ರಾಂಕ್‌ಫರ್ಟ್‌ನಲ್ಲಿ. ಖಾತೆಯನ್ನು ನಿರ್ವಹಿಸುವ ವೆಬ್ ಕನ್ಸೋಲ್‌ನ ಹೆಚ್ಚಿನ ಪುಟಗಳು ಒಂದು ಸಲಕ್ಕೆ ಒಂದೇ ರೀಜನ್ ತೋರಿಸುತ್ತವೆ. ಒಂದು ಮಧ್ಯಾಹ್ನ ಯಾರೋ ಪರೀಕ್ಷೆಗೆಂದು ಬೇರೆ ರೀಜನ್ನಿಗೆ ಹೋಗಿ ಎರಡು ಡಿಸ್ಕ್ ಮಾಡಿದ್ದರೆ, ಮೇಲ್ಗಡೆ ಬಲಮೂಲೆಯ ಪಟ್ಟಿಯಿಂದ ಆ ರೀಜನ್ನನ್ನೇ ಆರಿಸುವವರೆಗೂ ಅವು ಕಾಣುವುದಿಲ್ಲ. ಬಿಲ್‌ಗೆ ಮಾತ್ರ ರೀಜನ್‌ಗಳ ಗೋಡೆಯಿಲ್ಲ, ಅದಕ್ಕೆಲ್ಲವೂ ಕಾಣುತ್ತದೆ. ಆದ್ದರಿಂದ ಹುಡುಕಾಟ ಯಾವಾಗಲೂ ಬಿಲ್‌ನಿಂದ ಕನ್ಸೋಲ್‌ನ ಕಡೆಗೆ ಸಾಗಬೇಕು. ಕನ್ಸೋಲ್‌ನಿಂದ ಶುರು ಮಾಡಿದವರು ತಮಗೆ ನೆನಪಿರುವ ಕಡೆಗಳಲ್ಲಷ್ಟೇ ಹುಡುಕುತ್ತಾರೆ, ಮರೆತದ್ದು ಅಲ್ಲಿರುವುದಿಲ್ಲ.

ರೀಜನ್ ಗೊತ್ತಾದ ಮೇಲೆ, ಯಾವ ಸರ್ವರ್‌ಗೂ ಸೇರದ ಡಿಸ್ಕ್‌ಗಳನ್ನು ಒಂದೇ ಕಮಾಂಡ್ ಪಟ್ಟಿ ಮಾಡಿ ಕೊಡುತ್ತದೆ:

```
aws ec2 describe-volumes --region us-west-2 \
  --filters Name=status,Values=available \
  --query "Volumes[].[VolumeId,Size,CreateTime]" --output table
```

ಇಲ್ಲಿ `available` ಎಂಬ ಪದ ಮೋಸ ಮಾಡಬಾರದು. ಅದರ ಅರ್ಥ ಈ ಡಿಸ್ಕ್ ಯಾವುದಕ್ಕೂ ಜೋಡಿಸಿಲ್ಲ, ಹಣ ಮಾತ್ರ ಹೋಗುತ್ತಿದೆ ಎಂದು. ಅನಾಥ ವಿಳಾಸಗಳಿಗೆ ಇನ್ನೊಂದು:

```
aws ec2 describe-addresses --region us-west-2 \
  --query "Addresses[?AssociationId==null].[PublicIp,AllocationId]"
```

ನಿಲ್ಲಿಸಿದ ಸರ್ವರ್‌ಗೆ ಅಂಟಿಕೊಂಡ ಡಿಸ್ಕ್ ಮಾತ್ರ ಮೊದಲ ಪಟ್ಟಿಯಲ್ಲಿ ಬರುವುದಿಲ್ಲ. ತಾಂತ್ರಿಕವಾಗಿ ಅದು ಜೋಡಿಸಲ್ಪಟ್ಟೇ ಇದೆ, ಸ್ಥಿತಿ `in-use`. ನಿಂತ ಸರ್ವರ್‌ಗಳನ್ನು ಬೇರೆಯಾಗಿಯೇ ನೋಡಬೇಕು.

ಕಾಣದೆ ಉಳಿಯುವುದರಲ್ಲಿ ಎಸ್3 ಸ್ಟೋರೇಜ್ ಎಲ್ಲಕ್ಕಿಂತ ಮುಂದಿದೆ. ದೊಡ್ಡ ಫೈಲನ್ನು ತುಂಡು ತುಂಡಾಗಿ ಅಪ್‌ಲೋಡ್ ಮಾಡುವಾಗ ಸಂಪರ್ಕ ಕಡಿದುಹೋದರೆ ಆವರೆಗೆ ಬಂದ ತುಂಡುಗಳು ಅಲ್ಲೇ ಉಳಿಯುತ್ತವೆ. ಫೈಲ್‌ಗಳನ್ನು ಇಡುವ ಬಕೆಟ್ ತೆರೆದರೆ ಪಟ್ಟಿಯಲ್ಲಿ ಅವು ಇರುವುದಿಲ್ಲ, ಬಿಲ್‌ನಲ್ಲಿ ಇರುತ್ತವೆ. ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುವ ವರ್ಷನಿಂಗ್ ಆನ್ ಇರುವ ಬಕೆಟ್‌ನಲ್ಲಿ ಎಲ್ಲ ಫೈಲ್ ಅಳಿಸಿದರೂ ಹಾಗೇ: ಅಳಿಸುವುದೆಂದರೆ ಮೇಲೊಂದು ಅಳಿಸಲಾಗಿದೆ ಎಂಬ ಗುರುತು ಇಡುವುದು ಮಾತ್ರ, ಹಳೆಯ ಪ್ರತಿಗಳು ಅಡಿಯಲ್ಲಿ ಇದ್ದೇ ಇರುತ್ತವೆ. ಬಕೆಟ್ ಖಾಲಿ ಕಾಣುತ್ತಿದ್ದು ಸ್ಟೋರೇಜ್‌ನ ಬಿಲ್ ಮಾತ್ರ ಇಳಿದಿಲ್ಲವಾದರೆ ಈ ಎರಡರಲ್ಲೊಂದು ಇದೆ ಎಂದೇ ತಿಳಿಯಬಹುದು.

ಅಳಿಸುವುದಕ್ಕೂ ಒಂದು ಕ್ರಮವಿದೆ. ಸರ್ವರ್‌ಗಳ ಸಂಖ್ಯೆಯನ್ನು ತಾನಾಗಿ ಕಾಯ್ದುಕೊಳ್ಳುವ ಆಟೋ ಸ್ಕೇಲಿಂಗ್ ಗುಂಪು ಇದ್ದರೆ ಮೊದಲು ಅದು ಹೋಗಬೇಕು. ಇಲ್ಲದಿದ್ದರೆ ನಾವು ಒಂದು ಸರ್ವರ್ ಅಳಿಸಿದ ಕೆಲವೇ ನಿಮಿಷಗಳಲ್ಲಿ ಗುಂಪು ತನ್ನ ಕರ್ತವ್ಯವೆಂದು ಇನ್ನೊಂದನ್ನು ಎಬ್ಬಿಸುತ್ತದೆ. ನ್ಯಾಟ್ ಗೇಟ್‌ವೇ ಅಳಿಸಿದರೆ ಅದರ ವಿಳಾಸ ಬಿಡುಗಡೆಯಾಗುವುದಿಲ್ಲ. ನಿನ್ನೆಯವರೆಗೆ ಬಳಕೆಯಲ್ಲಿದ್ದ ವಿಳಾಸ ಇವತ್ತು ಅನಾಥ ವಿಳಾಸವಾಗುತ್ತದೆ, ದರ ಅಷ್ಟೇ. ಅದನ್ನು ಕೈಯಾರೆ ಬಿಡುಗಡೆ ಮಾಡಬೇಕು. ಕೊನೆಗೆ ಆ ಪ್ರಾಜೆಕ್ಟ್‌ಗೆಂದೇ ಮಾಡಿದ ವಿಪಿಸಿಯನ್ನು, ಅಂದರೆ ಖಾಸಗಿ ನೆಟ್‌ವರ್ಕನ್ನು ಅಳಿಸಲು ಪ್ರಯತ್ನಿಸಿ. ವಿಪಿಸಿಗೆ ತನ್ನದೇ ಆದ ಬಿಲ್ ಇಲ್ಲ, ಆದರೆ ಒಳಗೆ ಏನಾದರೂ ಉಳಿದಿದ್ದರೆ ಅದು ಅಳಿಯಲು ಒಪ್ಪುವುದಿಲ್ಲ. ಆ ನಿರಾಕರಣೆಯೇ ಒಳ್ಳೆಯ ತಪಾಸಣೆ. ಆದರೆ ಡಿಸ್ಕ್, ಸ್ನ್ಯಾಪ್‌ಶಾಟ್, ಬಿಡಿ ವಿಳಾಸಗಳು ವಿಪಿಸಿಯ ಹೊರಗಿನವು, ಅವನ್ನು ಅದು ಹಿಡಿಯುವುದಿಲ್ಲ.

ಕೋಡ್ ಬರೆದು ಕ್ಲೌಡ್‌ನ ವಸ್ತುಗಳನ್ನು ಕಟ್ಟುವ, ಕೆಡವುವ ಟೆರಾಫಾರ್ಮ್ ಬಳಸಿದ ತಂಡಗಳು `terraform destroy` ಓಡಿಸಿ ಎಲ್ಲ ಮುಗಿಯಿತು ಎಂದುಕೊಳ್ಳುತ್ತವೆ. ಟೆರಾಫಾರ್ಮ್ ಅಳಿಸುವುದು ತನ್ನ ದಾಖಲೆಯಲ್ಲಿ ಇರುವುದನ್ನು ಮಾತ್ರ. ರಾತ್ರಿ ತುರ್ತಿನಲ್ಲಿ ಕನ್ಸೋಲ್‌ನಿಂದ ಕೈಯಾರೆ ಮಾಡಿದ್ದು ಅದರಲ್ಲಿಲ್ಲ. ಕುಬರ್ನೆಟೀಸ್ ತಾನೇ ಕೇಳಿ ಪಡೆದ ಲೋಡ್ ಬ್ಯಾಲೆನ್ಸರ್‌ಗಳು ಮತ್ತು ಡಿಸ್ಕ್‌ಗಳು ಕೂಡ ಅದರಲ್ಲಿಲ್ಲ. ಕ್ಲಸ್ಟರನ್ನೇ ಮೊದಲು ಅಳಿಸಿಬಿಟ್ಟರೆ ಅವುಗಳನ್ನು ತೆಗೆಯಬೇಕಾದವರೇ ಇಲ್ಲದಂತಾಗುತ್ತದೆ. ಒಳಗಿನ ಸರ್ವಿಸ್‌ಗಳನ್ನೂ ಸ್ಟೋರೇಜ್ ಕ್ಲೇಮ್‌ಗಳನ್ನೂ ತೆಗೆದು, ಹೊರಗೆ ಅವು ಮಾಯವಾದವೇ ಎಂದು ನೋಡಿ, ಆಮೇಲೆ ಕ್ಲಸ್ಟರಿಗೆ ಕೈಹಾಕಬೇಕು.

ಅಳಿಸಲು ಕೈ ಬಾರದಿರುವುದಕ್ಕೆ ನಿಜವಾದ ಕಾರಣ ಹೆಚ್ಚಾಗಿ ಭಯ. 500 ಜಿಬಿ ಡಿಸ್ಕ್‌ನಲ್ಲಿ ಏನಿದೆ ಎಂದು ಈಗ ಯಾರಿಗೂ ಗೊತ್ತಿಲ್ಲ, ಮುಂದೊಂದು ದಿನ ಬೇಕಾದರೆ ಏನು ಗತಿ? ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಅದಕ್ಕೆ ತಿಂಗಳಿಗೆ 40 ಡಾಲರ್ ತೆರಬೇಕಾಗಿಲ್ಲ. ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆದು ಡಿಸ್ಕ್ ಅಳಿಸಿದರೆ, ಡಿಸ್ಕ್ ಪೂರ್ತಿ ತುಂಬಿದ್ದರೂ ಹೆಚ್ಚೆಂದರೆ 25 ಡಾಲರ್ ಆಗುತ್ತದೆ. ಅದನ್ನು ಆರ್ಕೈವ್ ಹಂತಕ್ಕೆ ಸರಿಸಿದರೆ ಜಿಬಿಗೆ 1.25 ಸೆಂಟ್, ಅಂದರೆ 6.25 ಡಾಲರ್. ಆರ್ಕೈವ್‌ನಲ್ಲಿ ಕನಿಷ್ಠ 90 ದಿನದ ಬಿಲ್ ಕೊಡಲೇಬೇಕು, ಮರಳಿ ಪಡೆಯಲು ಸಮಯವೂ ಹಣವೂ ಬೇಕು. ಅಪರೂಪಕ್ಕೆ ಬೇಕಾಗಬಹುದಾದ ವಸ್ತುವಿಗೆ ಅದು ಸರಿಯಾದ ಬೆಲೆಯೇ. ಸ್ನ್ಯಾಪ್‌ಶಾಟ್‌ಗೆ ಹೆಸರಿಡುವಾಗ ಅದನ್ನು ಯಾವ ದಿನ ಅಳಿಸಬಹುದು ಎಂಬುದನ್ನೂ ಬರೆದಿಡಬೇಕು. ತಪ್ಪಿದರೆ ಹೊಸ ಮರೆವು ಇಲ್ಲಿಂದಲೇ ಶುರುವಾಗುತ್ತದೆ.

ಇಷ್ಟೆಲ್ಲ ಗ್ರಾಹಕರ ಮೇಲೆಯೇ ಹೊರಿಸುವುದು ನ್ಯಾಯವೇ? ಈ ತಿಂಗಳು 50 ಡಾಲರ್ ದಾಟಿದರೆ ಎಲ್ಲವನ್ನೂ ನಿಲ್ಲಿಸು ಎಂದು ಹೇಳುವ ಒಂದು ಗುಂಡಿ ಯಾಕಿಲ್ಲ ಎಂಬುದು ಹಳೆಯ ಪ್ರಶ್ನೆ. ಎಡಬ್ಲ್ಯುಎಸ್‌ನ ಬಜೆಟ್‌ಗಳು ಮೂಲತಃ ಎಚ್ಚರಿಕೆ ಕಳಿಸುವ ವ್ಯವಸ್ಥೆ. ಬೇಕೆಂದರೆ ಮಿತಿ ದಾಟಿದಾಗ ಸರ್ವರ್ ಮತ್ತು ಡೇಟಾಬೇಸ್ ನಿಲ್ಲಿಸುವಂತೆ ಹೊಂದಿಸಬಹುದು. ಆದರೆ ನಿಲ್ಲಿಸಿದ ಮೇಲೆ ಉಳಿಯುವ ಬಿಲ್ ಎಷ್ಟೆಂದು ಈಗಾಗಲೇ ನೋಡಿದೆವು. ಕಂಪನಿಗಳು ಕೊಡಬಹುದಾದ ಉತ್ತರದಲ್ಲಿ ಅರ್ಧ ಸತ್ಯವಿದೆ: ಸ್ಟೋರೇಜ್‌ನ ಬಿಲ್ ನಿಲ್ಲಬೇಕಾದರೆ ಡೇಟಾ ಅಳಿಸಬೇಕು. ಒಂದು ಸಂಖ್ಯೆ ದಾಟಿತೆಂದು ಯಾರದೋ ವರ್ಷಗಳ ಡೇಟಾವನ್ನು ಯಂತ್ರ ಅಳಿಸುವುದು ಬಿಲ್‌ಗಿಂತ ದೊಡ್ಡ ಅನಾಹುತ.

ಇನ್ನರ್ಧವನ್ನು ನಾನು ಒಪ್ಪಲಾರೆ. ಅಜೂರ್‌ನಲ್ಲಿ ಉಚಿತ ಕ್ರೆಡಿಟ್ ಇರುವ ಖಾತೆಗಳಿಗೆ ಖರ್ಚಿನ ಮಿತಿ ಇದೆ, ಕ್ರೆಡಿಟ್ ತೀರಿದರೆ ಸೇವೆ ನಿಲ್ಲುತ್ತದೆ. ಹಣ ಕೊಟ್ಟು ಬಳಸುವ ಸಾಮಾನ್ಯ ಖಾತೆಗೆ ಅದೇ ಮಿತಿ ಇಲ್ಲ. ಎಡಬ್ಲ್ಯುಎಸ್ ಕೂಡ 2025ರ ಜುಲೈಯಿಂದ ಹೊಸಬರಿಗೆ ಕೊಡುವ ಉಚಿತ ಯೋಜನೆಯಲ್ಲಿ ಆರು ತಿಂಗಳು ಕಳೆದರೆ ಅಥವಾ ಕ್ರೆಡಿಟ್ ಮುಗಿದರೆ ಖಾತೆಯನ್ನು ಮುಚ್ಚುತ್ತದೆ. ಅಂದರೆ ನಿಲ್ಲಿಸುವ ತಂತ್ರ ಅವರ ಬಳಿ ಇದೆ. ಕಳೆದುಹೋಗುವುದು ಕಂಪನಿಯ ಹಣವಾದಾಗ ಅದು ಕೆಲಸ ಮಾಡುತ್ತದೆ, ಗ್ರಾಹಕರ ಹಣವಾದಾಗ ಆಯ್ಕೆಯಾಗಿ ಕೂಡ ಸಿಗುವುದಿಲ್ಲ. ಡೇಟಾ ಮುಟ್ಟದೆ, ಖಾಲಿ ಗೇಟ್‌ವೇ, ಖಾಲಿ ಲೋಡ್ ಬ್ಯಾಲೆನ್ಸರ್, ಅನಾಥ ವಿಳಾಸಗಳನ್ನಾದರೂ ಕೇಳಿದವರಿಗೆ ತಾನಾಗಿ ತೆಗೆದುಕೊಡಬಹುದು. ಅವುಗಳಲ್ಲಿ ಕಳೆದುಹೋಗುವ ಡೇಟಾ ಏನೂ ಇಲ್ಲ. ನಮ್ಮ ಉದಾಹರಣೆಯಲ್ಲಿ ಅಷ್ಟಕ್ಕೇ ತಿಂಗಳಿಗೆ ಸುಮಾರು 64 ಡಾಲರ್ ಉಳಿಯುತ್ತಿತ್ತು.

ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿರುವ ಗಟ್ಟಿ ಉಪಾಯ ಒಂದೇ. ಪ್ರಾಜೆಕ್ಟ್ ಎಂಬುದು ನಮ್ಮ ತಲೆಯಲ್ಲಿ ಮಾತ್ರ ಇರುವ ಗಡಿ, ಬಿಲ್‌ಗೆ ಅದು ಗೊತ್ತಿಲ್ಲ. ಶುರುವಿನ ದಿನವೇ ಆ ಗಡಿಯನ್ನು ಬಿಲ್‌ಗೂ ಗೊತ್ತಾಗುವಂತೆ ಎಳೆದರೆ ಮುಗಿಸುವ ದಿನ ಹುಡುಕಾಟವೇ ಬೇಡ. ಗೂಗಲ್ ಕ್ಲೌಡ್‌ನಲ್ಲಿ ಪ್ರತಿ ಕೆಲಸಕ್ಕೂ ಬೇರೆ ಪ್ರಾಜೆಕ್ಟ್ ತೆರೆಯಬಹುದು. ಅದನ್ನು ಶಟ್‌ಡೌನ್ ಮಾಡಿದರೆ ಒಳಗಿನದೆಲ್ಲ ಒಟ್ಟಿಗೆ ಹೋಗುತ್ತದೆ, ತಪ್ಪಿ ಮಾಡಿದ್ದರೆ ಮರಳಿ ಪಡೆಯಲು 30 ದಿನದ ಅವಕಾಶವೂ ಇದೆ. ಅಜೂರ್‌ನಲ್ಲಿ ರಿಸೋರ್ಸ್ ಗ್ರೂಪ್ ಅದೇ ಕೆಲಸ ಮಾಡುತ್ತದೆ. ಎಡಬ್ಲ್ಯುಎಸ್‌ನಲ್ಲಿ ಅಂಥ ಪಾತ್ರೆ ಖಾತೆಯೇ. ಆರ್ಗನೈಜೇಶನ್ಸ್ ಸೌಲಭ್ಯದಡಿ ಪ್ರಾಜೆಕ್ಟ್‌ಗೊಂದು ಸದಸ್ಯ ಖಾತೆ ತೆರೆದು, ಮುಗಿದ ಮೇಲೆ ಆ ಖಾತೆಯನ್ನೇ ಮುಚ್ಚುವುದು. ಖಾತೆಯ ಇಮೇಲ್ ಯಾವುದೇ ಒಬ್ಬರದ್ದಾಗಿರದೆ ತಂಡದ ಸಾಮಾನ್ಯ ವಿಳಾಸವಾಗಿರಲಿ. ಎಲ್ಲ ಕೆಲಸಗಳನ್ನೂ ಒಂದೇ ಖಾತೆಯಲ್ಲಿ ತುಂಬಿ, ಟ್ಯಾಗ್ ಹಾಕಿ ಬೇರ್ಪಡಿಸುತ್ತೇವೆ ಎನ್ನುವವರಿದ್ದಾರೆ. ಮರೆತುಹೋಗುವ ವಸ್ತುವಿಗೆ ಟ್ಯಾಗ್ ಹಾಕುವುದನ್ನೂ ಮರೆತಿರುತ್ತಾರೆ.

ಖಾತೆ ಮುಚ್ಚುವಾಗ ಎರಡು ವಿಷಯ ಗಮನದಲ್ಲಿರಲಿ. ಒಂದು ಅಥವಾ ಮೂರು ವರ್ಷಕ್ಕೆಂದು ಮುಂಚಿತವಾಗಿ ಒಪ್ಪಿಕೊಂಡ ರಿಸರ್ವೇಶನ್ ಮತ್ತು ಸೇವಿಂಗ್ಸ್ ಪ್ಲಾನ್‌ಗಳ ಹೊಣೆ ಖಾತೆ ಮುಚ್ಚಿದರೂ ತೀರುವುದಿಲ್ಲ. ಕಾರ್ಡ್ ಬ್ಲಾಕ್ ಮಾಡುವುದು ಖಾತೆ ಮುಚ್ಚಿದಂತಲ್ಲ. ಹಣ ಸಿಗದಿದ್ದರೂ ವಸ್ತುಗಳು ಇರುವಷ್ಟು ಕಾಲ ಬಾಕಿ ಬೆಳೆಯುತ್ತದೆ.

ಎಲ್ಲ ಅಳಿಸಿದ ಮೇಲೂ ಮುಂದಿನ ತಿಂಗಳು ಒಂದು ಬಿಲ್ ಬರುತ್ತದೆ. ಅದು ಹಿಂದಿನ ತಿಂಗಳಲ್ಲಿ ಬಳಸಿದ ದಿನಗಳದ್ದು, ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಬಿಲ್‌ನ ಮಾಹಿತಿ ಕೆಲವು ಗಂಟೆ ತಡವಾಗಿ ಸೇರುವುದರಿಂದ ಅಳಿಸಿದ ದಿನವೇ ನೋಡಿಯೂ ಫಲವಿಲ್ಲ. ಎರಡು ದಿನ ಬಿಟ್ಟು ಕಾಸ್ಟ್ ಎಕ್ಸ್‌ಪ್ಲೋರರ್‌ ಅನ್ನು ತಿಂಗಳ ಬದಲು ದಿನದ ಲೆಕ್ಕಕ್ಕೆ ಬದಲಿಸಿ, `Usage type`ನಿಂದ ಗುಂಪು ಮಾಡಿ ನೋಡಿ. ದಿನಕ್ಕೆ ಆರು ಡಾಲರ್‌ನ ಕಂಬಗಳು ಇದ್ದ ಕಡೆ ಕೊನೆಯ ದಿನ ಏನೂ ಇರಬಾರದು. ಅರ್ಧ ಡಾಲರ್‌ನ ಒಂದು ಸಣ್ಣ ಕಂಬ ಉಳಿದಿದ್ದರೆ ಅದರ ಮೇಲೆ ಮೌಸ್ ಇಡಿ. ನಮ್ಮ ಖಾತೆಯಲ್ಲಿ ಅದು ಆ 300 ಜಿಬಿ ಸ್ನ್ಯಾಪ್‌ಶಾಟ್‌ಗಳದ್ದಾಗಿರುತ್ತದೆ.